ಮೆಲ್, ಬಾರ್ಕ್ ಮತ್ತು ಹಾರ್ಮೋನಿಯಂ: ಕಿವಿಗೆ ಇಷ್ಟೊಂದು ಅಳತೆ ಯಾಕೆ?

ತುಮಕೂರಿನಲ್ಲಿ ಕನ್ನಡ ಮಾತನ್ನು ಗುರುತಿಸುವ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಮಕ್ಕಳಿಗೆ ಮೊದಲು ಸಿಗುವುದೇ ಈ ಸೂತ್ರ:

```
m = 2595 log10(1 + f/700)
```

f ಅಂದರೆ ಹರ್ಟ್ಜ್‌ನಲ್ಲಿ ಕಂಪನ, m ಅಂದರೆ ಮೆಲ್, ಸ್ವರ ಕಿವಿಗೆ ಎಷ್ಟು ಎತ್ತರ ಅನ್ನಿಸುತ್ತದೆ ಎಂಬುದರ ಅಳತೆ. 'ಕಿವಿ ಕೇಳುವುದೇ ಹೀಗೆ' ಎಂದು ಪಾಠದಲ್ಲಿ ಹೇಳಿಬಿಡುತ್ತಾರೆ. ಅವರಲ್ಲೊಬ್ಬ ಹುಡುಗಿ ಸಂಜೆ ಸಂಗೀತ ಪಾಠಕ್ಕೆ ಹೋಗಿ ಹಾರ್ಮೋನಿಯಂ ಮುಂದೆ ಕುಳಿತರೆ ಅಲ್ಲಿ ಬೇರೆಯೇ ಲೆಕ್ಕ. ಮಧ್ಯಸ್ಥಾಯಿಯ ಷಡ್ಜದ ಕಂಪನ ದುಪ್ಪಟ್ಟಾದರೆ ತಾರಸ್ಥಾಯಿಯ ಷಡ್ಜ. ಹಾಗಾದರೆ 2000 ಹರ್ಟ್ಜ್‌ನ ಅರ್ಧ 1000 ತಾನೇ? ಮೆಲ್ ಸೂತ್ರ ಒಪ್ಪುವುದಿಲ್ಲ. 2000 ಹರ್ಟ್ಜ್ ಅಂದರೆ 1521 ಮೆಲ್. ಅದರ ಅರ್ಧವನ್ನು ಮತ್ತೆ ಹರ್ಟ್ಜ್‌ಗೆ ತಂದರೆ ಸುಮಾರು 675 ಬರುತ್ತದೆ.

ಈ ಗೊಂದಲದ ಬೇರು 1937ರಲ್ಲಿದೆ. ಹಾರ್ವರ್ಡ್‌ನ ಸ್ಟೀವನ್ಸ್, ವೋಲ್ಕ್‌ಮನ್ ಮತ್ತು ನ್ಯೂಮನ್ ಕೇಳುಗರಿಗೆ ಒಂದು ಶುದ್ಧ ಸ್ವರ ಕೇಳಿಸಿದರು. ಇನ್ನೊಂದು ಸ್ವರವನ್ನು ಅದರ 'ಅರ್ಧ ಎತ್ತರ' ಅನ್ನಿಸುವವರೆಗೆ ತಿರುಗಿಸಿ ನಿಲ್ಲಿಸಲು ಹೇಳಿದರು. ಬಂದ ಉತ್ತರಗಳನ್ನು ಜೋಡಿಸಿ, 1000 ಹರ್ಟ್ಜ್‌ಗೆ 1000 ಮೆಲ್ ಎಂದು ಇಟ್ಟು ಅಳತೆ ಕಟ್ಟಿದರು. ಗಮನಿಸಿ, ಅವರು 'ಇದೇ ಸ್ವರ ಕೆಳಗಿನ ಸ್ಥಾಯಿಯಲ್ಲಿ ಎಲ್ಲಿದೆ' ಎಂದು ಕೇಳಲಿಲ್ಲ. ಎತ್ತರ ಎಷ್ಟು ಅನ್ನಿಸುತ್ತದೆ ಎಂದಷ್ಟೇ ಕೇಳಿದರು. ಪ್ರಶ್ನೆಯೇ ಬೇರೆ, ಆದ್ದರಿಂದ ಉತ್ತರವೂ ಬೇರೆ.

ಹೀಗೆ ಕೇಳುವುದರಲ್ಲಿ ಒಂದು ತೊಡಕಿದೆ. ಸ್ವರಗಳನ್ನು ಏರುತ್ತಾ ಕೇಳಿಸಿದರೆ ಒಂದು ಉತ್ತರ, ಇಳಿಯುತ್ತಾ ಕೇಳಿಸಿದರೆ ಇನ್ನೊಂದು ಉತ್ತರ ಬರಬಹುದು. 1956ರ ಇಂಥ ಪ್ರಯೋಗದ ಫಲಿತಾಂಶಗಳನ್ನು 1997ರಲ್ಲಿ ಮತ್ತೆ ನೋಡಿದ ಗ್ರೀನ್‌ವುಡ್, ಈ ವಾಲಿಕೆ ಮೆಲ್ ಅಳತೆಯೊಳಗೇ ಸೇರಿಕೊಂಡಿದೆ ಎಂದು ಬರೆದರು. ಅಷ್ಟು ಹೊತ್ತಿಗೆ ಸೂತ್ರ ಎಲ್ಲ ಕಡೆ ಹರಡಿ ಆಗಿತ್ತು. 1980ರಲ್ಲಿ ಡೇವಿಸ್ ಮತ್ತು ಮರ್ಮೆಲ್‌ಸ್ಟೀನ್ ಮಾತಿನ ಗುರುತಿಗೆ ಮೆಲ್ ಅಳತೆಯ ಮೇಲೆ ಕಟ್ಟಿದ ಎಂಎಫ್‌ಸಿಸಿ ಎಂಬ ಲೆಕ್ಕ ಬಳಸಿ ಒಳ್ಳೆಯ ಫಲ ತೋರಿಸಿದ ಮೇಲೆ ಮೆಲ್ ಪ್ರಶ್ನೆಯಿಲ್ಲದೆ ನಡೆಯಿತು. ಯಂತ್ರಕ್ಕೆ ಕೆಲಸ ಮಾಡಿತು ಅಂದ ಮಾತ್ರಕ್ಕೆ ಅದು ಕಿವಿಯ ನಿಯಮ ಆಗುವುದಿಲ್ಲ ಅಲ್ವಾ?

ಬಾರ್ಕ್ ಎಂಬ ಇನ್ನೊಂದು ಅಳತೆ ಹುಟ್ಟಿದ್ದು ಬೇರೆ ದಾರಿಯಿಂದ. ನನಗೆ ಹೆಚ್ಚು ಗಟ್ಟಿ ಅನ್ನಿಸುವುದು ಈ ದಾರಿಯೇ. 1940ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಒಂದು ಸಣ್ಣ ಸ್ವರವನ್ನು ಗದ್ದಲದ ನಡುವೆ ಇಟ್ಟರು. ಗದ್ದಲದ ಪಟ್ಟಿಯನ್ನು, ಅಂದರೆ ಗದ್ದಲದಲ್ಲಿರುವ ಕಂಪನಗಳ ಹರವನ್ನು, ಸ್ವರದ ಎರಡೂ ಕಡೆ ಅಗಲ ಮಾಡುತ್ತಾ ಹೋದಂತೆ ಸ್ವರ ಕೇಳಿಸುವುದು ಕಷ್ಟವಾಯಿತು. ಆದರೆ ಒಂದು ಅಗಲ ದಾಟಿದ ಮೇಲೆ ಇನ್ನಷ್ಟು ಗದ್ದಲ ಸೇರಿಸಿದರೂ ವ್ಯತ್ಯಾಸ ಆಗಲಿಲ್ಲ. ಆ ಅಗಲದ ಹೊರಗಿನ ಗದ್ದಲವನ್ನು ಕಿವಿ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಇಲ್ಲಿ ಯಾರಿಗೂ 'ಅರ್ಧ' ಎಷ್ಟು ಎಂದು ಊಹಿಸುವ ಕೆಲಸವಿಲ್ಲ. ಸ್ವರ ಕೇಳಿಸಿತೋ ಇಲ್ಲವೋ, ಅಷ್ಟೇ.

1961ರಲ್ಲಿ ಜರ್ಮನಿಯ ಜ್ವಿಕರ್ ಇಂಥ ಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟು 24 ಬಾರ್ಕ್ ಮಾಡಿದರು. 500 ಹರ್ಟ್ಜ್ ಕೆಳಗೆ ಒಂದೊಂದು ಪಟ್ಟಿ ಸುಮಾರು 100 ಹರ್ಟ್ಜ್ ಅಗಲ. ಮೇಲೆ ಹೋದಂತೆ ಅಗಲ ಜಾಸ್ತಿ. 4400ರಿಂದ 5300ರವರೆಗೆ ಒಂದೇ ಪಟ್ಟಿ. ಅಂದರೆ 200 ಮತ್ತು 300 ಹರ್ಟ್ಜ್ ನಡುವೆ ಪೂರ್ತಿ ಒಂದು ಬಾರ್ಕ್ ದೂರ. 5000 ಮತ್ತು 5100ರ ನಡುವೆಯೂ ಅದೇ 100 ಹರ್ಟ್ಜ್, ಆದರೆ ದೂರ ಒಂದು ಬಾರ್ಕ್‌ನ ಒಂಬತ್ತನೇ ಒಂದು ಪಾಲು.

ಇದಕ್ಕೆ ಕಾರಣ ಒಳಕಿವಿಯಲ್ಲಿದೆ. ಅಲ್ಲಿ ಸುರುಳಿಯೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಪೊರೆ ಇದೆ. ಬಾಗಿಲ ಕಡೆ ಅದು ಕಿರಿದು, ಬಿಗಿ. ಅಲ್ಲಿ ಹೆಚ್ಚಿನ ಕಂಪನ ಆಡುತ್ತದೆ. ತುದಿಯ ಕಡೆ ಅಗಲ, ಸಡಿಲ. ಅಲ್ಲಿ ಕಡಿಮೆ ಕಂಪನ. ಪೊರೆಯ ಮೇಲೆ ಸಮ ದೂರ ನಡೆದರೆ ಹರ್ಟ್ಜ್ ಸಮವಾಗಿ ಏರುವುದಿಲ್ಲ. ಒಂದು ಬಾರ್ಕ್ ಅಂದರೆ ಸುಮಾರು 1.3 ಮಿಲಿಮೀಟರ್.

ಹಾಗಾದರೆ ಷಡ್ಜ ಹೇಗೆ ಷಡ್ಜವೆಂದು ತಿಳಿಯುತ್ತದೆ? ನರಗಳು ಅಲೆಯ ಲಯಕ್ಕೆ ಹೊಂದಿಕೊಂಡೇ ಮಿಡಿಯುತ್ತವೆ. ಸ್ವರದ ಗುರುತಿಗೆ ಜಾಗದ ಜೊತೆಗೆ ಈ ಲಯವೂ ನೆರವಾಗುತ್ತದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಸುಮಾರು 5000 ಹರ್ಟ್ಜ್ ದಾಟಿದ ಶುದ್ಧ ಸ್ವರಗಳಲ್ಲಿ ರಾಗ ಗುರುತಿಸುವುದು ಕಷ್ಟವಾಗುವುದೂ ಈ ಮಾತಿಗೆ ಹೊಂದುತ್ತದೆ. ಆದ್ದರಿಂದ ಸಂಗೀತ ಟೀಚರ್ ಲೆಕ್ಕವೂ ಸರಿ, ಪಟ್ಟಿಗಳ ಲೆಕ್ಕವೂ ಸರಿ.

ಪ್ರಾಜೆಕ್ಟ್ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಮೆಲ್ ಸೂತ್ರ ಒಂದೇ ಅಲ್ಲ. ಪೈಥಾನ್‌ನ librosa ಲೈಬ್ರರಿಯನ್ನು ಸುಮ್ನೆ ಹಾಗೇ ಬಳಸಿದರೆ 1000 ಹರ್ಟ್ಜ್‌ವರೆಗೆ ನೇರ ಗೆರೆ, ಮೇಲೆ ಲಾಗ್. ಮೇಲಿನ 2595 ಸೂತ್ರ ಬೇಕೆಂದರೆ ಬೇರೆ ಹೇಳಬೇಕು:

```
librosa.hz_to_mel(1000)            # 15
librosa.hz_to_mel(1000, htk=True)  # 1000 ಹತ್ತಿರ
```

ತರಬೇತಿಗೆ ಒಂದು, ಪರೀಕ್ಷೆಗೆ ಇನ್ನೊಂದು ಬಳಸಿದರೆ ಮಾತನ್ನು ಪಟ್ಟಿಗಳಾಗಿ ಬಿಡಿಸುವ ಫಿಲ್ಟರ್‌ಗಳು ಜಾಗ ಬದಲಿಸುತ್ತವೆ. ಕೋಡ್ ಎಲ್ಲೂ ದೋಷ ತೋರಿಸುವುದಿಲ್ಲ, ಗುರುತಿಸುವಿಕೆ ಮಾತ್ರ ಕೆಡುತ್ತದೆ. ಎರಡೂ ಕಡೆ 1000 ಹರ್ಟ್ಜ್ ಹಾಕಿ ನೋಡಿ. ಒಂದು ಕಡೆ 15, ಇನ್ನೊಂದು ಕಡೆ 1000 ಬಂದರೆ ತಪ್ಪು ಅಲ್ಲೇ ಇದೆ.