ರಾತ್ರಿ ಒಂಬತ್ತಕ್ಕೆ ಹಸಿರಿದ್ದ ಕ್ಯಾಂಡಲ್ ಬೆಳಿಗ್ಗೆ ಕೆಂಪಾಗಿದ್ದೇಕೆ?

ಓದುಗರ ಪ್ರಶ್ನೆ: ನಾನು ಕೆಲಸ ಮುಗಿಸಿ ಮನೆಗೆ ಬಂದು, ಊಟ ಮಾಡಿ, ರಾತ್ರಿ ಒಂಬತ್ತರ ಸುಮಾರಿಗೆ ಬಿಟ್‌ಕಾಯಿನ್‌ನ ಡೈಲಿ ಚಾರ್ಟ್ ನೋಡುತ್ತೇನೆ. ಚೆನ್ನಾಗಿ ಹಸಿರಿದೆ ಅಂತ ತಗೊಂಡು ಮಲಗಿದರೆ, ಬೆಳಿಗ್ಗೆ ಅದೇ ದಿನದ ಕ್ಯಾಂಡಲ್ ಬೇರೆಯೇ ಆಗಿರುತ್ತದೆ. ಕೆಲವೊಮ್ಮೆ ಬಣ್ಣವೇ ಬದಲಾಗಿರುತ್ತದೆ. ದಿನ ಮುಗಿದ ಮೇಲೆ ಚಾರ್ಟ್ ಹೇಗೆ ಬದಲಾಗುತ್ತದೆ?

ನೀವು ನೋಡುವಾಗ ದಿನ ಮುಗಿದೇ ಇರಲ್ಲ, ಅದೇ ಉತ್ತರ. ಕ್ರಿಪ್ಟೋದ ಡೈಲಿ ಕ್ಯಾಂಡಲ್ ಸಾಮಾನ್ಯವಾಗಿ ಮುಗಿಯುವುದು ಯುಟಿಸಿ ಸಮಯದ ಮಧ್ಯರಾತ್ರಿಗೆ. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ ಜಾವ 5:30. ಮನೆ ಬಾಗಿಲಿಗೆ ಹಾಲಿನ ಪ್ಯಾಕೆಟ್ ಬೀಳುವ ಹೊತ್ತು. ರಾತ್ರಿ ಒಂಬತ್ತಕ್ಕೆ ಆ ಕ್ಯಾಂಡಲ್‌ಗೆ ಹದಿನೈದೂವರೆ ಗಂಟೆ ವಯಸ್ಸು, ಇನ್ನೂ ಎಂಟೂವರೆ ಗಂಟೆ ಆಯಸ್ಸು ಬಾಕಿ.

ನಮಗೆ ಇದು ವಿಚಿತ್ರ ಅನ್ನಿಸುವುದಕ್ಕೆ ಶೇರು ಮಾರುಕಟ್ಟೆಯ ಅಭ್ಯಾಸ ಕಾರಣ. ಎನ್‌ಎಸ್‌ಇ ಮಧ್ಯಾಹ್ನ 3:30ಕ್ಕೆ ವಹಿವಾಟು ನಿಲ್ಲಿಸುತ್ತದೆ. ಸಂಜೆ ಕಾಫಿ ಹಿಡಿದು ಕೂತರೆ ಆ ದಿನದ ಕ್ಯಾಂಡಲ್ ಪೂರ್ತಿ ಸಿದ್ಧ. ನಾಳೆ ಬೆಳಿಗ್ಗೆ 9:15ರವರೆಗೆ ಅದನ್ನು ಯಾರೂ ಮುಟ್ಟಲ್ಲ. ಅದೇ ಕಣ್ಣಿನಲ್ಲಿ ಕ್ರಿಪ್ಟೋ ಚಾರ್ಟ್ ನೋಡಿದರೆ ಅರ್ಧ ಬೆಂದ ಅನ್ನವನ್ನು ಬಡಿಸಿಕೊಂಡ ಹಾಗೆ.

ಸರಿ, ಯುಟಿಸಿಯೇ ಯಾಕೆ? ಈ ಮಾರುಕಟ್ಟೆಗೆ ಬಾಗಿಲು ಹಾಕುವ ಹೊತ್ತು ಅಂತ ಇಲ್ಲ. ಭಾನುವಾರವೂ ಓಡುತ್ತದೆ, ಹಬ್ಬದ ದಿನವೂ ಓಡುತ್ತದೆ. ಕೊಳ್ಳುವವರು ಸಿಯೋಲ್‌ನಲ್ಲೂ ಇದ್ದಾರೆ, ನ್ಯೂಯಾರ್ಕ್‌ನಲ್ಲೂ ಇದ್ದಾರೆ. ಹಾಗಾಗಿ ದಿನವನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ನ್ಯೂಯಾರ್ಕ್ ಸಮಯ ಹಿಡಿದರೆ ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಒಂದು ದಿನ 23 ಗಂಟೆ, ಇನ್ನೊಂದು ದಿನ 25 ಗಂಟೆ ಆಗಿಬಿಡುತ್ತದೆ. ಯುಟಿಸಿಗೆ ಆ ರಗಳೆ ಇಲ್ಲ.

ಇನ್ನೊಂದು ಕಾರಣ ಕಂಪ್ಯೂಟರ್‌ನೊಳಗೇ ಇದೆ. ಪ್ರತಿ ವಹಿವಾಟಿನ ಸಮಯವನ್ನು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳಾಗಿ, ಅಥವಾ ಸೆಕೆಂಡಿನ ಸಾವಿರದಲ್ಲೊಂದು ಭಾಗಗಳಾಗಿ, ಬರೆದಿಡುವುದು ರೂಢಿ. ದಿನಕ್ಕೆ 86,400 ಸೆಕೆಂಡು. ಆ ಸಂಖ್ಯೆಯಿಂದ ಭಾಗಿಸಿ, ಶೇಷ ಉಳಿಯದ ಕಡೆ ಹೊಸ ದಿನ ಶುರು. 2024ರ ಜನವರಿ 1, ಬೆಳಿಗ್ಗೆ 5:30 ನಮ್ಮ ಸಮಯ ತಗೊಳ್ಳಿ:

```
1704067200 / 86400 = 19723
```

ಶೇಷ ಸೊನ್ನೆ. ಅಲ್ಲಿಗೆ ಹಳೆಯ ಕ್ಯಾಂಡಲ್ ಮುಗಿಯಿತು, ಹೊಸದು ಹುಟ್ಟಿತು. ಭಾರತದಲ್ಲೂ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲವಲ್ಲ, ಹಾಗಾಗಿ ನಮಗೆ ವರ್ಷವಿಡೀ 5:30 ಅಂದರೆ 5:30. ವಾರದ ಕ್ಯಾಂಡಲ್ ಸೋಮವಾರ ಬೆಳಿಗ್ಗೆ 5:30ಕ್ಕೆ, ತಿಂಗಳದ್ದು ಮುಂದಿನ ತಿಂಗಳ ಒಂದನೇ ತಾರೀಕು ಅದೇ ಹೊತ್ತಿಗೆ. ಚಾರ್ಟ್‌ನ ಸೆಟ್ಟಿಂಗ್‌ನಲ್ಲಿ ಕೋಲ್ಕತ್ತಾ ಸಮಯ ಆರಿಸಿಕೊಂಡರೆ ಬದಲಾಗುತ್ತದೆ ಅಂತ ಹಲವರು ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಕೆಳಗೆ ಬರೆದ ಗಂಟೆ ಮಾತ್ರ ಬದಲಾಗುತ್ತದೆ, ಡೈಲಿ ಕ್ಯಾಂಡಲ್ ಕತ್ತರಿಸುವ ಜಾಗ ಬದಲಾಗಲ್ಲ.

ಈಗ ಸಂಜೆಯ ಕಥೆಗೆ ಬರೋಣ. ನೀವು ನೋಡುವ ಹೊತ್ತು ಸುಮ್ನೆ ಯಾವುದೋ ಒಂದು ಹೊತ್ತಲ್ಲ. ನ್ಯೂಯಾರ್ಕ್ ಶೇರು ಮಾರುಕಟ್ಟೆ ತೆರೆಯುವುದು ಅಲ್ಲಿಯ ಬೇಸಿಗೆ ಗಡಿಯಾರದಲ್ಲಿ ನಮ್ಮ ಸಂಜೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ. ಮುಚ್ಚುವುದು ರಾತ್ರಿ 1:30 ಅಥವಾ 2:30ಕ್ಕೆ. ಅಂದರೆ ಅಮೆರಿಕದ ದೊಡ್ಡ ಹಣ ಆಗಷ್ಟೇ ಮೈದಾನಕ್ಕೆ ಇಳಿದಿರುತ್ತದೆ. ಕ್ಯಾಂಡಲ್‌ನ ಆಕಾರ ಜಾಸ್ತಿ ಬದಲಾಗಬಹುದಾದ ಹೊತ್ತಿನಲ್ಲೇ ನೀವು ಚಾರ್ಟ್ ಮುಚ್ಚಿ ಮಲಗುತ್ತೀರಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ಸುಲಭವಾಗಲಿ ಅಂತ. ಒಂದು ಕಾಯಿನ್ ಬೆಳಿಗ್ಗೆ 5:30ಕ್ಕೆ 100 ರೂಪಾಯಿಯಲ್ಲಿ ಶುರುವಾಯಿತು. 104 ದಾಟಿ ಮುಗಿದರೆ ಕೊಳ್ಳಬೇಕು ಅನ್ನುವುದು ನಿಮ್ಮ ನಿಯಮ. ರಾತ್ರಿ ಒಂಬತ್ತಕ್ಕೆ ಬೆಲೆ 106. ಉದ್ದನೆಯ ಹಸಿರು ಮೈ, ಮೇಲೆ ಬಾಲವೇ ಇಲ್ಲ. ಬ್ರೇಕ್‌ಔಟ್! ತಗೊಂಡಿರಿ. ಹತ್ತೂವರೆಗೆ 107 ಮುಟ್ಟಿತು. ಆಮೇಲೆ ಮಾರುವವರು ಬಂದರು. ಬೆಳಿಗ್ಗೆ 5:30ಕ್ಕೆ ಮುಗಿದದ್ದು 99.5ರಲ್ಲಿ. ಈಗ ಅದೇ ಕ್ಯಾಂಡಲ್ ನೋಡಿ: ಚಿಕ್ಕ ಕೆಂಪು ಮೈ, ತಲೆಯ ಮೇಲೆ ಏಳು ರೂಪಾಯಿ ಉದ್ದದ ಬಾಲ. ರಾತ್ರಿ 'ದಾಟಿತು' ಅಂದದ್ದೇ ಬೆಳಿಗ್ಗೆ '104ರ ಮೇಲೆ ನಿಲ್ಲಲಿಲ್ಲ' ಅನ್ನುತ್ತಿದೆ. ನಿಮ್ಮ ನಿಯಮ ತಪ್ಪಾಗಿರಲಿಲ್ಲ. ನಿಯಮ ಹೇಳಿದ 'ಮುಗಿದರೆ' ಅನ್ನುವ ಪದವನ್ನು ನೀವು ಬಿಟ್ಟಿರಿ, ಅಷ್ಟೇ.

ಇಂಡಿಕೇಟರ್‌ಗಳೂ ಹೀಗೆಯೇ ಅಲುಗಾಡುತ್ತವೆ, ಆದರೆ ಎಲ್ಲವೂ ಒಂದೇ ಸಮ ಅಲ್ಲ. 106 ಹೋಗಿ 99.5 ಆದಾಗ 20 ದಿನದ ಸರಾಸರಿ ಇಳಿಯುವುದು ಬರೀ ಮೂವತ್ತು ಚಿಲ್ಲರೆ ಪೈಸೆ, ಯಾಕೆಂದರೆ ಇಪ್ಪತ್ತರಲ್ಲಿ ಒಂದೇ ದಿನ ಬದಲಾಗಿದೆ. ವಾಲ್ಯೂಮ್ ಕಂಬಿ ಮಾತ್ರ ಚೆನ್ನಾಗಿ ಮೋಸ ಮಾಡುತ್ತದೆ. ಅದು ಇನ್ನೂ ತುಂಬುತ್ತಾ ಇರುತ್ತದೆ. ಅದನ್ನು ಪಕ್ಕದ ತುಂಬಿದ ಕಂಬಿಗಳ ಜೊತೆ ಹೋಲಿಸಿ 'ಇವತ್ತು ಯಾರೂ ಇಲ್ಲ' ಅಂದುಕೊಂಡು ನಾನೇ ಎಷ್ಟೋ ಸಲ ತಪ್ಪು ಓದಿದ್ದೇನೆ.

ಇನ್ನೂ ಒಂದು ಗುಂಡಿ ಇದೆ, ಇದಕ್ಕೆ ಬೀಳುವವರು ಜಾಸ್ತಿ. ಹಳೆಯ ಚಾರ್ಟ್ ನೋಡಿ 'ಈ ನಿಯಮ ಹತ್ತರಲ್ಲಿ ಆರು ಸಲ ಗೆದ್ದಿದೆ' ಅಂತ ಲೆಕ್ಕ ಹಾಕಿರುತ್ತೀರಿ. ಆ ಚಾರ್ಟ್‌ನಲ್ಲಿ ಇರುವುದೆಲ್ಲ ಮುಗಿದ ಕ್ಯಾಂಡಲ್‌ಗಳು. ರಾತ್ರಿ ಒಂಬತ್ತಕ್ಕೆ 104 ದಾಟಿ, ಬೆಳಿಗ್ಗೆಯೊಳಗೆ ಕೆಳಗೆ ಬಿದ್ದ ದಿನಗಳು ನಿಮ್ಮ ಲೆಕ್ಕಕ್ಕೆ ಬಂದೇ ಇಲ್ಲ. ಅವು ಅಲ್ಲಿ ಬ್ರೇಕ್‌ಔಟ್ ಅಂತ ಕಾಣುವುದೇ ಇಲ್ಲ. ಆದರೆ ನಿಜವಾಗಿ ಹಣ ಹಾಕುವಾಗ ಅವೆಲ್ಲ ನಿಮ್ಮ ಪಾಲಿಗೆ ಬರುತ್ತವೆ.

ಹಾಗಾದರೆ ಏನು ಮಾಡುವುದು? 5:30ಕ್ಕೆ ಅಲಾರಾಂ ಇಡಿ ಅಂತ ನಾನು ಹೇಳಲ್ಲ. ಒಂದು ತಿಂಗಳು ಇಟ್ಟು ನೋಡಿದ್ದೇನೆ. ನಿದ್ದೆಗಣ್ಣಲ್ಲಿ ಹಾಕಿದ ಆರ್ಡರ್‌ಗಳ ಕಥೆ ಬೇಡ ಬಿಡಿ. ಸಂಜೆ ಕೂತಾಗ, ಅವತ್ತು ಬೆಳಿಗ್ಗೆ 5:30ಕ್ಕೆ ಮುಗಿದ ಕ್ಯಾಂಡಲ್ ನೋಡಿ ತೀರ್ಮಾನ ಮಾಡಿ. ಬಲಗಡೆಯ ಕೊನೆಯದಲ್ಲ, ಅದರ ಹಿಂದಿನದು. ಟ್ರೇಡಿಂಗ್‌ವ್ಯೂನ ಪೈನ್ ಸ್ಕ್ರಿಪ್ಟ್‌ನಲ್ಲಿ `close` ಬದಲು `close[1]` ಬರೆಯುವುದು ಅಂದರೆ ಇದೇ. ಅಲರ್ಟ್ ಇಡುವುದಾದರೆ `Once Per Bar Close` ಆರಿಸಿ. ಬೆಳಿಗ್ಗೆ ಎದ್ದಾಗ ಫೋನ್‌ನಲ್ಲಿ ಅಲರ್ಟ್ ಬಂದಿದ್ದರೆ ದಾಟಿದೆ, ಇಲ್ಲದಿದ್ದರೆ ಇಲ್ಲ. ಇದರಲ್ಲಿ ನಷ್ಟವೂ ಇದೆ: ಸಂಜೆಯ ಹೊತ್ತಿಗೆ ಬೆಲೆ 104 ಬಿಟ್ಟು ದೂರ ಹೋಗಿರಬಹುದು. ಆಗ ಬಿಟ್ಟುಬಿಡುವುದು, ಅಥವಾ ಕೆಳಗೆ ಲಿಮಿಟ್ ಆರ್ಡರ್ ಹಾಕಿ ಕಾಯುವುದು.

ಅಷ್ಟು ಕಾಯಲು ಆಗಲ್ಲ ಅನ್ನುವವರಿಗೆ ನಾಲ್ಕು ಗಂಟೆಯ ಕ್ಯಾಂಡಲ್ ಇದೆ. ಅದು ನಮ್ಮ ಸಮಯದಲ್ಲಿ ಬೆಳಿಗ್ಗೆ 5:30, 9:30, ಮಧ್ಯಾಹ್ನ 1:30, ಸಂಜೆ 5:30, ರಾತ್ರಿ 9:30, 1:30ಕ್ಕೆ ಮುಗಿಯುತ್ತದೆ. ರಾತ್ರಿ 9:30 ನೋಡಿ, ನಿಮ್ಮ ಹೊತ್ತಿಗೆ ಸರಿಯಾಗಿ ಬಿತ್ತು. ಒಂಬತ್ತಕ್ಕೆ ಕೂರುವ ಬದಲು ಅರ್ಧ ಗಂಟೆ ತಡವಾಗಿ ಕೂತರೆ ಪೂರ್ತಿ ಮುಗಿದ ಒಂದು ಕ್ಯಾಂಡಲ್ ಕೈಗೆ ಸಿಗುತ್ತದೆ. ಆದರೆ ಡೈಲಿಗೆ ಮಾಡಿದ ನಿಯಮವನ್ನು ಅದಕ್ಕೆ ಹಾಗೇ ಅಂಟಿಸಬೇಡಿ. ಅದರ ಲೆಕ್ಕವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಕೊನೆಗೆ, ಆ್ಯಪ್‌ನಲ್ಲಿ ಬೆಲೆಯ ಪಕ್ಕ ಕಾಣುವ '24 ಗಂಟೆ' ಶೇಕಡಾವಾರು ಅಂಕಿಗೂ ಡೈಲಿ ಕ್ಯಾಂಡಲ್‌ಗೂ ಸಂಬಂಧ ಇಲ್ಲ. ಅದು ಸಾಮಾನ್ಯವಾಗಿ ನಿನ್ನೆ ಇದೇ ಹೊತ್ತಿನಿಂದ ಎಣಿಸಿದ್ದು. ಆ್ಯಪ್ ಶೇ 3 ಏರಿದೆ ಅನ್ನುವಾಗ ಚಾರ್ಟ್‌ನಲ್ಲಿ ಕೆಂಪು ಕಂಡರೆ ಎರಡೂ ಸರಿಯೇ ಇರಬಹುದು.