5ನೇ ಕೀ ಒತ್ತಿದ್ದು ಗೊತ್ತಾಗಲು ಇಡೀ ಎಫ್‌ಎಫ್‌ಟಿ ಬೇಕೆ?

ಪ್ರಶ್ನೆ: ನಾನು ಪುಣೆಯ ಚಿಂಚವಾಡದಲ್ಲಿದ್ದೇನೆ, ಹೊಲ ಇರುವುದು ಇಂಡಿ ತಾಲ್ಲೂಕಿನಲ್ಲಿ. ಅಲ್ಲಿಟ್ಟಿರುವ ಹಳೇ ಮೊಬೈಲಿಗೆ ಫೋನ್ ಮಾಡಿ 5 ಒತ್ತಿದರೆ ಪಂಪ್ ಶುರುವಾಗಬೇಕು. ತಪ್ಕೀರ್ ಗಲ್ಲಿಯಿಂದ ಆರ್ಡುಯಿನೊ ಊನೊ ತಂದಿದ್ದೇನೆ. ಆದರೆ ಶಬ್ದದ ಎಲ್ಲ ಆವರ್ತನಗಳನ್ನೂ ಬೇರ್ಪಡಿಸುವ ಎಫ್‌ಎಫ್‌ಟಿ ಲೆಕ್ಕ ಹಾಕಿದರೆ ಮೆಮೊರಿ ಸಾಲುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಇದೆ, ಮತ್ತು ನಿಮ್ಮ ಕೆಲಸಕ್ಕೆ ಅದೇ ಸರಿಯಾದ ದಾರಿ. ಊನೊದಲ್ಲಿರುವ ರ‍್ಯಾಮ್ 2048 ಬೈಟ್. 256 ಬಿಂದುಗಳ ಎಫ್‌ಎಫ್‌ಟಿಯನ್ನು ಫ್ಲೋಟ್‌ನಲ್ಲಿ ಮಾಡಿದರೆ ಅದರ ಎರಡು ಪಟ್ಟಿಗಳೇ ಅಷ್ಟನ್ನೂ ನುಂಗುತ್ತವೆ. ಅಷ್ಟು ಮಾಡಿ ಸಿಗುವ ನೂರಾರು ಆವರ್ತನಗಳಲ್ಲಿ ನಿಮಗೆ ಬೇಕಾದದ್ದು ಎರಡೇ. 5ನೇ ಕೀ ಒತ್ತಿದಾಗ 770 ಹರ್ಟ್ಸ್ ಮತ್ತು 1336 ಹರ್ಟ್ಸ್ ಒಟ್ಟಿಗೆ ಮೊಳಗುತ್ತವೆ: ಮೊದಲನೆಯದು ಕೀಪ್ಯಾಡಿನ ಅಡ್ಡಸಾಲಿನದು, ಎರಡನೆಯದು ಕಂಬಸಾಲಿನದು.

ಒಂದೇ ಆವರ್ತನವನ್ನು ಅಳೆಯುವ ವಿಧಾನವನ್ನು ಗೆರಾಲ್ಡ್ ಗೊರ್ಟ್ಜೆಲ್ 1958ರಲ್ಲಿ ಪ್ರಕಟಿಸಿದರು. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಏರುತ್ತಾ ಹೋಗುತ್ತದೆ, ಲಯ ತಪ್ಪಿಸಿ ತಳ್ಳಿದರೆ ಒಂದು ತಳ್ಳು ಇನ್ನೊಂದನ್ನು ಕೆಡಿಸುತ್ತದೆ. ಇಲ್ಲಿಯೂ ಅಷ್ಟೇ. 770ರ ಲಯದ ಒಂದು ಜೋಕಾಲಿಯನ್ನು ಲೆಕ್ಕದಲ್ಲೇ ಕಟ್ಟಿ, ಬರುವ ಪ್ರತಿ ಸ್ಯಾಂಪಲ್‌ನಿಂದಲೂ ಅದನ್ನು ತಳ್ಳುತ್ತೇವೆ.

```c
s = x + c*s1 - s2;
s2 = s1;
s1 = s;
```

ಒಂದು ಗುಣಾಕಾರ, ಒಂದು ಕೂಡಿಕೆ, ಒಂದು ಕಳೆಯುವಿಕೆ. ಸ್ಯಾಂಪಲ್‌ಗಳನ್ನು ಕೂಡಿಡುವುದೇ ಬೇಡ. ಪ್ರತಿ ಆವರ್ತನಕ್ಕೂ ನೆನಪಿನಲ್ಲಿರಬೇಕಾದದ್ದು ಹಿಂದಿನ ಎರಡು ಬೆಲೆಗಳು ಮಾತ್ರ. ಇಲ್ಲಿ `x` ಈಗ ಬಂದ ಸ್ಯಾಂಪಲ್, `f` ನಮಗೆ ಬೇಕಾದ ಆವರ್ತನ, `c = 2*cos(2π*f/8000)`. ಸೆಕೆಂಡಿಗೆ 8000 ಸ್ಯಾಂಪಲ್ ತೆಗೆದುಕೊಂಡರೆ 770ಕ್ಕೆ ಅದು 1.6453, 1336ಕ್ಕೆ 0.9964. ಎರಡನ್ನೂ ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. 205 ಸ್ಯಾಂಪಲ್ ಆದ ಮೇಲೆ ಒಮ್ಮೆ ಶಕ್ತಿ ಅಳೆದು, `s1` ಮತ್ತು `s2` ಎರಡನ್ನೂ ಸೊನ್ನೆ ಮಾಡಿ. ಮರೆತರೆ ಹಳೆಯ ಜೀಕು ಹೊಸ ಅಳತೆಗೂ ಸೇರಿಕೊಳ್ಳುತ್ತದೆ.

```c
P = s1*s1 + s2*s2 - c*s1*s2;
```

205 ಏಕೆ? ಅಷ್ಟು ಸ್ಯಾಂಪಲ್‌ಗೆ ಸುಮಾರು 25.6 ಮಿಲಿಸೆಕೆಂಡ್ ಹಿಡಿಯುತ್ತದೆ, ಆವರ್ತನಗಳನ್ನು ಬೇರ್ಪಡಿಸುವ ಸೂಕ್ಷ್ಮತೆ ಸುಮಾರು 39 ಹರ್ಟ್ಸ್ ಆಗುತ್ತದೆ. 770ರ ಹತ್ತಿರದ ನೆರೆ 697, ನಡುವಿನ ಅಂತರ 73. ಇಬ್ಬರೂ ಚೆನ್ನಾಗಿ ಬೇರೆಯಾಗುತ್ತಾರೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. `P` ಇಷ್ಟು ದಾಟಿದರೆ 5 ಎಂದು ಒಂದು ಅಂಕಿ ಇಟ್ಟುಬಿಟ್ಟರೆ, ಜೋರಾಗಿ "ಹಲೋ" ಅಂದರೂ ಪಂಪ್ ಓಡೀತು. ದನಿ ದೊಡ್ಡದಾದರೆ `P` ಕೂಡ ದೊಡ್ಡದಾಗುತ್ತದೆ. ಆದ್ದರಿಂದ ಒಟ್ಟು ಶಬ್ದದಲ್ಲಿ ಈ ಆವರ್ತನದ ಪಾಲೆಷ್ಟು ಎಂದು ನೋಡಬೇಕು. ಪ್ರತಿ ಸ್ಯಾಂಪಲ್‌ನ ವರ್ಗವನ್ನೂ ಕೂಡುತ್ತಾ ಹೋಗಿ, ಆ ಮೊತ್ತ `E` ಆಗಲಿ. ಆಗ ಪಾಲು `2*P/(205*E)`.

ಶುದ್ಧವಾದ ಒಂದೇ ಸ್ವರಕ್ಕೆ ಈ ಪಾಲು 1 ಬರುತ್ತದೆ. 5 ಒತ್ತಿದಾಗ ಎರಡು ಸ್ವರಗಳೂ ಸಮ ಬಲದಲ್ಲಿದ್ದರೆ ತಲಾ 0.5ರ ಆಸುಪಾಸು, ಕೂಡಿದರೆ 1ರ ಹತ್ತಿರ. ಯಾರಾದರೂ 2 ಒತ್ತಿದರು ಅನ್ನಿ, ಅದು 697 ಮತ್ತು 1336. ಕಂಬಸಾಲು ಹೊಂದುತ್ತದೆ, ಅಡ್ಡಸಾಲಿನ ಪಾಲು ಸೊನ್ನೆಯ ಬಳಿ ಉಳಿಯುತ್ತದೆ, ಮೊತ್ತ 0.5ರ ಸುತ್ತಲೇ ನಿಲ್ಲುತ್ತದೆ. ಮಾತಿನ ಶಕ್ತಿಯಂತೂ ಹತ್ತಾರು ಆವರ್ತನಗಳಿಗೆ ಹಂಚಿಹೋಗಿರುತ್ತದೆ. ನಾನಾದರೆ ಮೂರು ಷರತ್ತು ಇಡುತ್ತೇನೆ: ಮೊತ್ತ 0.7 ದಾಟಬೇಕು, ಪ್ರತಿಯೊಂದೂ 0.2 ದಾಟಬೇಕು, ಸತತ ಎರಡು ಸುತ್ತು ಹೀಗೇ ಬರಬೇಕು. ಲೈನ್ ನಿಶ್ಶಬ್ದವಾಗಿದ್ದಾಗ `E` ತೀರಾ ಸಣ್ಣದಿರುತ್ತದೆ, ಆಗ ಲೆಕ್ಕಕ್ಕೇ ಕೈ ಹಾಕಬೇಡಿ.

ಇಷ್ಟಾದರೂ 5 ಸಿಗದಿದ್ದರೆ ನಾನು ಮೊದಲು ಅನುಮಾನಿಸುವುದು ಸ್ಯಾಂಪಲ್ ವೇಗವನ್ನು. `analogRead()` ಒಂದು ಸಲಕ್ಕೆ ಸುಮಾರು 110 ಮೈಕ್ರೊಸೆಕೆಂಡ್ ತಿನ್ನುತ್ತದೆ, ನಿಮಗಿರುವುದು 125. ಉಳಿದದ್ದರಲ್ಲಿ ಫ್ಲೋಟ್ ಲೆಕ್ಕ ಮುಗಿಯುವುದಿಲ್ಲ, ವೇಗ ಕುಸಿಯುತ್ತದೆ. ಅದು 7600ಕ್ಕೆ ಇಳಿದರೂ ಸಾಕು, 770ರ ಸ್ವರ ನಿಮ್ಮ ಲೆಕ್ಕಕ್ಕೆ 810ರಂತೆ ಕಾಣುತ್ತದೆ, ಜೋಕಾಲಿ ಏಳುವುದೇ ಇಲ್ಲ. ಎಡಿಸಿಯ ಪ್ರೀಸ್ಕೇಲರ್ ಅನ್ನು 128ರಿಂದ 32ಕ್ಕೆ ಇಳಿಸಿ, ಪರಿವರ್ತನೆ 26 ಮೈಕ್ರೊಸೆಕೆಂಡಿಗೆ ಮುಗಿಯುತ್ತದೆ. ಸ್ಯಾಂಪಲ್ ತೆಗೆಯುವ ಹೊತ್ತನ್ನು ಟೈಮರ್ ಇಂಟರಪ್ಟ್ ನಿರ್ಧರಿಸಲಿ. ಹಾಗೆಯೇ ಪ್ರತಿ ಸ್ಯಾಂಪಲ್‌ನಿಂದ 512 ಕಳೆಯಿರಿ. ನಡುಮಟ್ಟದ ಆ ವೋಲ್ಟೇಜ್ ಹಾಗೇ ಉಳಿದರೆ `E` ಊದಿಕೊಂಡು ಪಾಲುಗಳೆಲ್ಲ ಕುಗ್ಗುತ್ತವೆ.

ಪರೀಕ್ಷೆ ಸುಲಭ: 205 ಸ್ಯಾಂಪಲ್‌ನ ಒಂದು ಸುತ್ತಿನ ಮೊದಲಿಗೂ ಕೊನೆಗೂ `micros()` ಓದಿ ವ್ಯತ್ಯಾಸ ಪ್ರಿಂಟ್ ಮಾಡಿ. 25,625ರ ಹತ್ತಿರ ಬರಬೇಕು. 27,000 ಬಂದರೆ ದೋಷ ಮೊಬೈಲಿನದೂ ಅಲ್ಲ, ಸೂತ್ರದ್ದೂ ಅಲ್ಲ, ವೇಗದ್ದು.