ಗಾಯಕಿ ಬಿಟ್ಟ ಜಾಗದಲ್ಲಿ ಕೊಳಲು ಏನು ಹೇಳಬೇಕು?

ಭಾವಗೀತೆಗೆ ವಾದ್ಯ ಸಂಯೋಜನೆ ಮಾಡುವಾಗ ಹೊಸಬರು ಸಾಮಾನ್ಯವಾಗಿ ಮೊದಲು ಖಾಲಿ ಜಾಗ ಹುಡುಕುತ್ತಾರೆ. ಗಾಯಕಿ ಸಾಲು ಮುಗಿಸಿದ ಮೇಲೆ ಎಷ್ಟು ಮಾತ್ರೆ ಉಳಿದಿದೆ ಅಂತ ಎಣಿಸಿ, ಅಷ್ಟಕ್ಕೂ ಕೊಳಲಿನ ಒಂದು ಬಿಟ್ ಬರೆದುಬಿಡುತ್ತಾರೆ. ರಾಗ ಸರಿ ಇರುತ್ತದೆ, ತಾಳ ಸರಿ ಇರುತ್ತದೆ, ನುಡಿಸುವವರೂ ಚೆನ್ನಾಗಿಯೇ ನುಡಿಸುತ್ತಾರೆ. ಆದರೂ ಕೇಳುವಾಗ ಹಾಡಿನ ಪಾಡಿಗೆ ಹಾಡು, ಕೊಳಲಿನ ಪಾಡಿಗೆ ಕೊಳಲು ಅನಿಸುತ್ತದೆ. ಇಬ್ಬರ ನಡುವೆ ಮಾತುಕತೆಯೇ ಇರುವುದಿಲ್ಲ.

ಮಾತುಕತೆ ಆಗಬೇಕಾದರೆ ಕೊಳಲು ಗಾಯಕಿಯ ಕೊನೆಯ ಪದವನ್ನು ಕೇಳಿಸಿಕೊಂಡಿರಬೇಕು. ನಾನು ಉತ್ತರವನ್ನು ಹುಡುಕುವುದು ರಾಗದಲ್ಲಲ್ಲ, ಆ ಕೊನೆಯ ಪದದ ನಡೆಯಲ್ಲಿ. ಒಂದು ಸಾಲು ಹಿಡಿದು ಇದನ್ನು ಬಿಡಿಸಿ ನೋಡೋಣ.

ಉದಾಹರಣೆಗೆಂದೇ ಕಟ್ಟಿದ ಸಾಲು ಇದು: ‘ಸಂಜೆ ಬಂತು, ಅವನೇಕೆ ಬರಲಿಲ್ಲ’. ರಾಗ ಮೋಹನ. ತಬಲಾದಲ್ಲಿ ಕೆಹರ್ವಾ, ಅಂದರೆ 8 ಮಾತ್ರೆಯ ಆವರ್ತ. ಲಯ ನಿಮಿಷಕ್ಕೆ 80 ಮಾತ್ರೆ. ಒಂದು ಸಾಲಿಗೆ ಎರಡು ಆವರ್ತ, ಒಟ್ಟು 16 ಮಾತ್ರೆ. ಹಾಡುವ ಭಾಗ ಹೀಗಿದೆ:

1ರಿಂದ 4: ಗ, ಪ, ದ, ಪ (ಸಂ, ಜೆ, ಬಂ, ತು)

5ರಿಂದ 8: ಗಪ, ಗ, ರಿ, ಸರಿ (ಅವ, ನೇ, ಕೆ, ಬರ)

9ರಿಂದ 11: ಗ, ರಿ, ರಿಯ ಮೇಲೆ ನಿಲುಗಡೆ (ಲಿಲ್, ಲ, ಅ)

‘ಗಪ’, ‘ಸರಿ’ ಅಂತ ಕೂಡಿಸಿ ಬರೆದ ಕಡೆ ಒಂದೇ ಮಾತ್ರೆಯಲ್ಲಿ ಎರಡು ಸ್ವರ. 11ನೇ ಮಾತ್ರೆಗೆ ಗಾಯಕಿ ನಿಲ್ಲಿಸುತ್ತಾರೆ. ಮುಂದಿನ ಸಾಲು ‘ಹಾದಿ ನೋಡಿ ಕಣ್ಣು ಸೋತಿತಲ್ಲ’. ಅದು ಸಮದಲ್ಲೇ, ದ ಸ್ವರದಿಂದ ಎತ್ತುತ್ತದೆ.

ಈಗ ಲೆಕ್ಕ ಹಾಕಿ. 12ರಿಂದ 16ರವರೆಗೆ ಐದು ಮಾತ್ರೆ ಖಾಲಿ ಕಾಣುತ್ತದೆ. ಆದರೆ ಕೊಳಲಿಗೆ ಐದೂ ಸಿಗುವುದಿಲ್ಲ. 16ನೇ ಮಾತ್ರೆ ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗ. ಅಲ್ಲಿ ಕೊಳಲು ಇನ್ನೂ ಓಡುತ್ತಿದ್ದರೆ ಅವರ ಗಮನ ಅದರ ಕಡೆ ಹೋಗುತ್ತದೆ, ಎತ್ತುಗಡೆ ಸಡಿಲವಾಗುತ್ತದೆ. ಉಳಿದದ್ದು ನಾಲ್ಕು ಮಾತ್ರೆ. ಈ ಲಯದಲ್ಲಿ ಒಂದು ಮಾತ್ರೆಗೆ ಮುಕ್ಕಾಲು ಸೆಕೆಂಡ್, ನಾಲ್ಕಕ್ಕೆ ಬರೀ ಮೂರು ಸೆಕೆಂಡ್. ಹಾಳೆಯ ಮೇಲೆ ಇದು ಜಾಸ್ತಿ ಅನಿಸುತ್ತದೆ, ಕಿವಿಗೆ ತುಂಬಾ ಸಣ್ಣದು.

ಈ ಮೂರು ಸೆಕೆಂಡಿಗೆ ಹೆಚ್ಚಿನವರು ಬರೆಯುವುದು ಒಂದು ಓಟ: ಸರಿ, ಗಪ, ದಪ, ಕೊನೆಗೆ ಮೇಲಿನ ಸ. ಕೇಳಲು ಚೆಂದವೇ. ಆದರೆ ಹಾಡು ಏನು ಹೇಳುತ್ತಿದೆ? ಅವನೇಕೆ ಬರಲಿಲ್ಲ ಅಂತ ಕೇಳುತ್ತಿದೆ. ಅದಕ್ಕೇ ಸಾಲು ರಿ ಮೇಲೆ ನಿಂತಿದೆ. ಮೋಹನದಲ್ಲಿ ರಿ ಮೇಲೆ ನಿಂತರೆ ಮಾತು ಇನ್ನೂ ಮುಗಿದಿಲ್ಲ ಅನಿಸುತ್ತದೆ. ಕೊಳಲು ಹೋಗಿ ಸ ಮುಟ್ಟಿದ ಕೂಡಲೇ ಪ್ರಶ್ನೆ ತೀರಿಹೋಯಿತು. ಎರಡನೇ ಸಾಲಿನ ಕೊನೆಯಲ್ಲಿ ಗಾಯಕಿ ಸ ಮೇಲೆ ಇಳಿದು ಕೊಡಬೇಕಾದ ಸಮಾಧಾನವನ್ನು ಕೊಳಲು ಮೊದಲೇ ಕೊಟ್ಟುಬಿಟ್ಟಿತು.

ನಾನು ಹೀಗೆ ಬರೆಯುತ್ತೇನೆ. ಗಾಯಕಿಯ ಕೊನೆಯ ಪದ ‘ಬರಲಿಲ್ಲ’. ಅದರ ನಡೆ: ಎರಡು ಅರ್ಧ ಮಾತ್ರೆ, ಒಂದು ಪೂರ್ತಿ ಮಾತ್ರೆ, ಆಮೇಲೆ ನಿಲುಗಡೆ. ಸ್ವರ: ಸರಿ, ಗ, ರಿ. ಈ ನಡೆಯನ್ನು ಹಾಗೆಯೇ ಇಟ್ಟುಕೊಂಡು ಮೋಹನದ ಸ್ವರಗಳಲ್ಲಿ ಎರಡೆರಡು ಮೆಟ್ಟಿಲು ಮೇಲೆ ಏರಿಸಿದರೆ ಗಪ, ದ, ಪ ಸಿಗುತ್ತದೆ. 12ನೇ ಮಾತ್ರೆ ಖಾಲಿ. 13ರಲ್ಲಿ ಗಪ, 14ರಲ್ಲಿ ದ, 15ರಲ್ಲಿ ಪ ನಿಧಾನವಾಗಿ ಕರಗುತ್ತದೆ. 16 ಖಾಲಿ. ಒಟ್ಟು ನಾಲ್ಕು ಸ್ವರ, ಅಷ್ಟೇ.

ಕೇಳುವವರ ಕಿವಿಯಲ್ಲಿ ‘ಬರಲಿಲ್ಲ’ ಇನ್ನೂ ಹಸಿಯಾಗಿರುತ್ತದೆ. ಕೊಳಲು ಅದೇ ನಡೆಯಲ್ಲಿ ನುಡಿದಾಗ ಅವರಿಗೆ ‘ಬರಲಿಲ್ಲ?’ ಅಂತ ಇನ್ನೊಂದು ಸಲ ಕೇಳಿಸುತ್ತದೆ, ಈ ಸಲ ಸ್ವಲ್ಪ ಎತ್ತರದ ದನಿಯಲ್ಲಿ. ಪ ಮೇಲೆ ನಿಂತಿದ್ದರಿಂದ ಪ್ರಶ್ನೆ ತೆರೆದೇ ಇದೆ. ಮುಂದಿನ ಸಾಲು ಎತ್ತಬೇಕಾದದ್ದು ದ. ಗಾಯಕಿಗೆ ಪಕ್ಕದ ಸ್ವರವನ್ನು ಕೊಳಲು ಕೈಗೆ ಕೊಟ್ಟು ಹೋದಂತಾಯಿತು.

12ನೇ ಮಾತ್ರೆ ಯಾಕೆ ಖಾಲಿ ಬಿಟ್ಟಿರಿ ಅಂತ ಕೇಳುತ್ತಾರೆ. ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದ ಪದಗಳು ಬಹುಪಾಲು ಸ್ವರಾಕ್ಷರದಲ್ಲಿ ಮುಗಿಯುತ್ತವೆ: ಬರಲಿಲ್ಲ, ನೋಡಿ, ಬಂತು, ಅವನೇ. ಕೊನೆಯ ಅ, ಇ, ಉ, ಏಗಳನ್ನು ಎಷ್ಟು ಬೇಕಾದರೂ ಎಳೆಯಬಹುದು, ಗಾಯಕರು ಎಳೆದೇ ಎಳೆಯುತ್ತಾರೆ. 11ಕ್ಕೆ ನಿಲ್ಲಿಸಿ ಅಂತ ಬರೆದಿದ್ದರೂ ಭಾವ ಬಂದಾಗ ‘ಲ್ಲ’ 12ರ ಅರ್ಧದವರೆಗೆ ಹೋಗುತ್ತದೆ. ಅದನ್ನು ತಡೆಯಬಾರದು, ಹಾಡಿನ ಜೀವ ಇರುವುದೇ ಅಲ್ಲಿ. ಅದಕ್ಕೆ ಜಾಗ ಇಟ್ಟು ಕೊಳಲು ಬರೆಯಬೇಕು.

ಸ್ಟುಡಿಯೋದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಅಲ್ಲಿ ಎಷ್ಟೋ ಸಲ ಸಂಯೋಜಕರೇ ಹಾಡಿದ ಪೈಲಟ್ ಟ್ರ್ಯಾಕ್ ಕೇಳಿಕೊಂಡು ಕೊಳಲಿನವರು ಮೊದಲು ನುಡಿಸಿ ಹೋಗುತ್ತಾರೆ. ಗಾಯಕಿ ಆಮೇಲೆ ಬಂದು ಹಾಡುತ್ತಾರೆ. ಸಂಯೋಜಕರು ಲೆಕ್ಕಕ್ಕೆ ಸರಿಯಾಗಿ ಸಾಲು ಕತ್ತರಿಸಿ ಹಾಡಿರುತ್ತಾರೆ, ಗಾಯಕಿ ಎಳೆಯುತ್ತಾರೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಆಗ ಕೊಳಲಿನ ಶುರುವನ್ನು ಕತ್ತರಿಸಿದರೆ ಮೊದಲ ಊದು ಹೋಗಿ ಸ್ವರ ಮೂಗು ಮುಚ್ಚಿದ ಹಾಗೆ ಕೇಳುತ್ತದೆ. ಸಾಧ್ಯವಿದ್ದರೆ ಗಾಯಕಿಯ ದನಿ ಮೊದಲು ರೆಕಾರ್ಡ್ ಮಾಡಿ. ಆಗದಿದ್ದರೆ ಪೈಲಟ್ ಹಾಡುವಾಗಲೇ ಸಾಲಿನ ಕೊನೆಯನ್ನು ಬೇಕಂತಲೇ ಉದ್ದ ಎಳೆಯಿರಿ.

ಇದೇ ಉತ್ತರವನ್ನು ಪಿಟೀಲಿಗೆ ಕೊಟ್ಟರೆ ಹಾಗೆಯೇ ನಕಲು ಮಾಡುವುದಿಲ್ಲ. ಕೊಳಲಿನ ಸ್ವರಕ್ಕೆ ಒಂದು ಶುರು ಇರುತ್ತದೆ, ಊದಿದ್ದು ಗೊತ್ತಾಗುತ್ತದೆ. ಪಿಟೀಲಿನ ಕಮಾನು ಸದ್ದಿಲ್ಲದೆ ಒಳಗೆ ಬರಬಲ್ಲದು. ಹಾಗಾಗಿ ಪಿಟೀಲನ್ನು 11ನೇ ಮಾತ್ರೆಯಲ್ಲೇ, ಗಾಯಕಿಯ ರಿ ಕೆಳಗೆ, ಅದೇ ರಿ ಮೇಲೆ ತೀರಾ ಮೆಲ್ಲಗೆ ಶುರು ಮಾಡಿಸುತ್ತೇನೆ. 12ರಲ್ಲೂ ಅದೇ ರಿ ಹಿಡಿದಿರುತ್ತದೆ. ದನಿ ಕರಗುತ್ತಿದ್ದ ಹಾಗೆ ಪಿಟೀಲು ಹೊರಗೆ ಬಂದು, ರಿಯಿಂದ ಗಕ್ಕೆ ಜಾರಿ, 13ಕ್ಕೆ ಅದೇ ಗಪ, ದ, ಪ ಹೇಳುತ್ತದೆ. ಹಾಡಿದವರು ಎಲ್ಲಿ ಬಿಟ್ಟರು, ಪಿಟೀಲು ಎಲ್ಲಿ ಹಿಡಿಯಿತು ಅಂತ ಗೊತ್ತಾಗಬಾರದು.

ಇಲ್ಲಿ ಒಂದು ಮಾತು ಮೊದಲೇ ಹೇಳಿಕೊಳ್ಳಬೇಕು. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಪಳಗಿದ ಪಿಟೀಲು ವಿದ್ವಾಂಸರಿಗೆ ಕೃತಿ ಹಾಡುವಾಗ ಗಾಯಕರ ಜೊತೆಜೊತೆಗೇ ನುಡಿಸುವುದು ಅಭ್ಯಾಸ. ಅದು ಅವರ ಪಕ್ಕವಾದ್ಯದ ಧರ್ಮ. ಭಾವಗೀತೆಯಲ್ಲಿ ಸಾಲಿನುದ್ದಕ್ಕೂ ಹಾಗೆ ನುಡಿಸಿದರೆ ಉತ್ತರ ಬರುವ ಹೊತ್ತಿಗೆ ಪಿಟೀಲಿನ ದನಿ ಹಳೆಯದಾಗಿರುತ್ತದೆ. ‘1ರಿಂದ 10ರವರೆಗೆ ಸುಮ್ನೆ ಇರಿ ಸಾರ್, 11ಕ್ಕೆ ಬನ್ನಿ’ ಅಂತ ಹಾಳೆಯಲ್ಲೂ ಬರೆದು, ಬಾಯಲ್ಲೂ ಹೇಳುತ್ತೇನೆ.

ಎತ್ತರದ ವಿಷಯವೂ ಇದೆ. ಜಿ ಶ್ರುತಿಯಲ್ಲಿ ಹಾಡುವ ಗಾಯಕಿಗೆ ಜಿ ಕೊಳಲನ್ನೇ ತಂದರೆ, ಮಾಮೂಲಿ ಅಳತೆಯ ಕೊಳಲಿನ ಸ ಅವರ ಮಧ್ಯ ಸ್ಥಾಯಿಯ ಸಕ್ಕಿಂತ ಒಂದು ಸ್ಥಾಯಿ ಮೇಲಿರುತ್ತದೆ. ನಮ್ಮ ಪಲ್ಲವಿಯ ಸಾಲು ದ ದಾಟುವುದಿಲ್ಲ, ಹಾಗಾಗಿ ಕೊಳಲು ತಾನಾಗಿಯೇ ಮೇಲೆ, ಬಿಡಿಯಾಗಿ ಕೇಳುತ್ತದೆ. ಚರಣದಲ್ಲಿ ಗಾಯಕಿ ತಾರ ಸ್ಥಾಯಿಗೆ ಹೋದಾಗ ಮಾತ್ರ ಕಷ್ಟ. ಅವರ ಮೇಲಿನ ಸ, ರಿ, ಗ ಇರುವ ಜಾಗದಲ್ಲೇ ಕೊಳಲಿನ ಕೆಳಗಿನ ಸ್ವರಗಳು ಬರುತ್ತವೆ. ಕೊಳಲಿಗೆ ಅಲ್ಲಿ ಬಲ ಕಡಿಮೆ, ಗಾಯಕಿಯ ದನಿಗೆ ಅಲ್ಲಿ ಬಲ ಜಾಸ್ತಿ. ದನಿ ಪೂರ್ತಿ ನಿಂತ ಮೇಲೆಯೇ ಕೊಳಲು ಬರಬೇಕು, ಇಲ್ಲವೇ ಅದನ್ನು ಅದರ ಎರಡನೇ ಸ್ಥಾಯಿಗೆ ಏರಿಸಬೇಕು. ಚರಣದ ಭಾವ ನೋವಿನದಾದರೆ ನಾನು ಎರಡನೆಯದನ್ನು ಮಾಡುವುದಿಲ್ಲ. ಅಷ್ಟು ಮೇಲಿನ ಕೊಳಲು ಹಕ್ಕಿಯ ಕೂಗಿನ ಹಾಗೆ ಹರಿತವಾಗಿರುತ್ತದೆ, ಮಾತಿನ ತೂಕ ಹೋಗುತ್ತದೆ.

ಇನ್ನು ಎಲ್ಲ ಸಾಲಿಗೂ ಉತ್ತರ ಬೇಡ. ಪಲ್ಲವಿಯನ್ನು ಮೊದಲ ಸಲ ಹಾಡುವಾಗ ಆ ಐದು ಮಾತ್ರೆಯನ್ನು ತಂಬೂರಿ, ತಬಲಾಕ್ಕೇ ಬಿಡುತ್ತೇನೆ. ಕೇಳುವವರಿಗೆ ಆ ಖಾಲಿ ಜಾಗದ ಅಳತೆ ತಿಳಿಯುತ್ತದೆ. ಎರಡನೇ ಸಲ ಹಾಡಿದಾಗ ಅಲ್ಲಿ ‘ಗಪ ದ ಪ’ ಬಂದರೆ ಯಾರೋ ಈಗ ಬಾಯಿಬಿಟ್ಟರು ಅನಿಸುತ್ತದೆ. ‘ಕಣ್ಣು ಸೋತಿತಲ್ಲ’ ಅಂತ ಗಾಯಕಿ ಸ ಮೇಲೆ ಇಳಿದ ಕಡೆ ಏನನ್ನೂ ಬರೆಯುವುದಿಲ್ಲ. ಅಲ್ಲಿ ಅವರೇ ಮಾತು ಮುಗಿಸಿದ್ದಾರೆ, ಅಲ್ವಾ?

ಚರಣ ಮುಗಿದು ಪಲ್ಲವಿಗೆ ಮರಳುವ ಕಡೆ ನನಗೆ ಇಷ್ಟವಾದ ಇನ್ನೊಂದು ಕ್ರಮವಿದೆ. ಕಛೇರಿಯಲ್ಲಿ ಸ್ವರಕಲ್ಪನೆಯ ಹೊತ್ತಿಗೆ ಗಾಯಕರು ಒಂದು ಅಳತೆ ಹಾಡುತ್ತಾರೆ, ಪಿಟೀಲಿನವರು ಅಷ್ಟೇ ಅಳತೆ ನುಡಿಸುತ್ತಾರೆ. ಆಮೇಲೆ ಅಳತೆ ಅರ್ಧ, ಕಾಲು ಅಂತ ಇಳಿಯುತ್ತಾ ಹೋಗಿ ಇಬ್ಬರೂ ಒಟ್ಟಿಗೆ ಸೇರುತ್ತಾರೆ. ಅದನ್ನು ನಾಲ್ಕು ಆವರ್ತದ ಕೆಹರ್ವಾಕ್ಕೆ ಇಳಿಸಬಹುದು. ಮೊದಲ ಎರಡು ಆವರ್ತದಲ್ಲಿ ಗಾಯಕಿಗೆ 4 ಮಾತ್ರೆ, ಪಿಟೀಲಿಗೆ 4. ಮೂರನೇ ಆವರ್ತದಲ್ಲಿ 2 ಮತ್ತು 2, ಎರಡು ಸಲ. ನಾಲ್ಕನೆಯದರಲ್ಲಿ 1 ಮತ್ತು 1, ನಾಲ್ಕು ಸಲ. ಒಟ್ಟು 32 ಮಾತ್ರೆ, 24 ಸೆಕೆಂಡ್. ಅಲ್ಲಿಂದ ನೇರ ‘ಸಂಜೆ ಬಂತು’.

ಇದು ಕೆಡುವುದು ಸಾಮಾನ್ಯವಾಗಿ ನಾಲ್ಕನೇ ಆವರ್ತದಲ್ಲಿ. ಒಂದೊಂದು ಮಾತ್ರೆಗೆ ಸಾಹಿತ್ಯ ಹಾಕಿದರೆ ಪದ ತುಂಡಾಗುತ್ತದೆ. ‘ಬರ’ ಅಂತ ಗಾಯಕಿ, ಆಮೇಲೆ ಪಿಟೀಲು, ಆಮೇಲೆ ‘ಲಿಲ್ಲ’ ಅಂದರೆ ಅರ್ಥವೇ ಹೋಯಿತು. ಮೊದಲ ಮೂರು ಆವರ್ತಕ್ಕೆ ಪದ, ಕೊನೆಯದಕ್ಕೆ ಬರೀ ಅಕಾರ ಇಟ್ಟುಕೊಳ್ಳಿ. ಒಂದು ಮಾತ್ರೆಗೆ ಎರಡೇ ಸ್ವರ ಸಾಕು: ಗಾಯಕಿ ಗ-ಪ ಅಂದರೆ ಪಿಟೀಲು ಪ-ದ, ಅವರು ದ-ಪ ಅಂದರೆ ಇದು ಪ-ಗ. ನಾಲ್ಕು ನಾಲ್ಕು ಸ್ವರ ತುರುಕಿದರೆ ಯಾರು ಯಾರಿಗೆ ಉತ್ತರ ಕೊಟ್ಟರು ಅಂತ ಹಿಡಿಯುವಷ್ಟರಲ್ಲಿ ಪಲ್ಲವಿ ಬಂದುಬಿಟ್ಟಿರುತ್ತದೆ. ಗಾಯಕಿಗೆ ಉಸಿರು ಮೂರನೇ ಆವರ್ತದ ಕೊನೆಯ ಎರಡು ಮಾತ್ರೆಯಲ್ಲಿ, ಪಿಟೀಲು ನುಡಿಸುವಾಗ. ಆಮೇಲೆ ಸರಿಯಾದ ಜಾಗವಿಲ್ಲ. ಅದಕ್ಕೇ ನಾಲ್ಕನೆಯದರ ಕೊನೆಯ ಮಾತ್ರೆಯಲ್ಲಿ ಪಿಟೀಲು ಒಂದೇ ಒಂದು ಸ್ವರವನ್ನು, ಪಲ್ಲವಿ ಎತ್ತುವ ಗ ಅನ್ನು, ಸುಮ್ನೆ ಹಿಡಿದು ನಿಲ್ಲುವ ಹಾಗೆ ಬರೆಯುತ್ತೇನೆ.

ಬರೆದದ್ದು ಸರಿಯಾಗಿದೆಯಾ ಅಂತ ನೋಡಲು ನಾನು ಮಾಡುವ ಪರೀಕ್ಷೆ ಸುಲಭ. ವಾದ್ಯದ ಉತ್ತರವನ್ನು ಬಾಯಲ್ಲಿ ಹಾಡಿ, ಸ್ವರದ ಬದಲು ಆ ಸಾಲಿನ ಕೊನೆಯ ಪದ ಹಾಕಿ. ‘ಗಪ ದ ಪ’ಕ್ಕೆ ‘ಬರಲಿಲ್ಲ’ ಸರಾಗವಾಗಿ ಕೂರುತ್ತದೆ. ಆ ಓಟಕ್ಕೆ ಯಾವ ಪದವೂ ಕೂರುವುದಿಲ್ಲ. ಪ್ರತಿ ಬಿಟ್ಟಿಗೂ ಇದನ್ನು ಮಾಡಿ ನೋಡಿ, ಅಳಿಸಬೇಕಾದವು ತಾವಾಗಿಯೇ ಸಿಗುತ್ತವೆ.